ಬಾಲದ ಬಿಳಿ ಅಂಚು

ಕೇಳುಗರೇ, ಗೋಲ್ಡ್‌ಫಿಶ್‌ನ ಫೋಟೋ ಕಳಿಸಿ, ಬಾಲ ಕೊಳೆಯುತ್ತಿದೆ, ಯಾವ ಔಷಧ ಹಾಕಲಿ ಎಂದು ಹಲವರು ಕೇಳುತ್ತಲೇ ಇದ್ದೀರಿ. ಒಂದೇ ಫೋಟೋದಲ್ಲಿ ಬಾಲದ ಆಕಾರ ಕಾಣುತ್ತದೆ. ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ಕಾಣುವುದಿಲ್ಲ. ಕಡ್ಡಿಗಳು ನೆಟ್ಟಗಿದ್ದು ನಡುವಿನ ಪೊರೆ ಮಾತ್ರ ಸೀಳಿದ್ದರೆ ಅದು ಹೆಚ್ಚಾಗಿ ಪೆಟ್ಟು ಅಥವಾ ಬೇರೆ ಮೀನಿನ ಕಡಿತ. ಅಂಚು ಹಾಲಿನಂತೆ ಬೆಳ್ಳಗಾಗಿ, ಕಡ್ಡಿಗಳೂ ಕರಗಿ ಮೊಟಕಾಗಿದ್ದರೆ ಬ್ಯಾಕ್ಟೀರಿಯಾದ ಕೊಳೆತವೆಂಬ ಅನುಮಾನ ಬಲವಾಗುತ್ತದೆ. ಆದರೆ ವಾಸಿಯಾಗುತ್ತಿರುವ ಬಾಲದಲ್ಲಿ ಹೊಸದಾಗಿ ಬೆಳೆಯುವ ಪೊರೆಗೂ ಮೊದಲು ಬಣ್ಣವಿರುವುದಿಲ್ಲ. ಫ್ಲ್ಯಾಶ್ ಬಿದ್ದರೆ, ಗಾಜು ಮಬ್ಬಾಗಿದ್ದರೆ ಆ ಪಾರದರ್ಶಕ ಅಂಚೂ ಬೆಳ್ಳಗೇ ಕಾಣುತ್ತದೆ. ಆಗ ಚೇತರಿಸಿಕೊಳ್ಳುತ್ತಿರುವ ಮೀನಿಗೇ ನಾವು ಔಷಧ ಸುರಿಯುತ್ತೇವೆ. ಫ್ಲ್ಯಾಶ್ ಆರಿಸಿ, ಗಾಜು ಒರೆಸಿ, ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ಎರಡು ದಿನ ಬಿಟ್ಟು ಅದೇ ಕೋನದಿಂದ ಇನ್ನೊಂದು. ಅಂಚು ಬುಡದತ್ತ ಸರಿದಿದ್ದರೆ ಕೊಳೆತ ಮುಂದುವರಿದಿದೆ, ಹೊರಕ್ಕೆ ಬೆಳೆದಿದ್ದರೆ ವಾಸಿಯಾಗುತ್ತಿದೆ.

ಅಷ್ಟರಲ್ಲಿ ಮೀನು ಸತ್ತರೆ ಎಂಬ ಆತಂಕ ನ್ಯಾಯವಾದದ್ದೇ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಕಿವಿರು ಬೇಗಬೇಗ ಬಡಿದುಕೊಳ್ಳುತ್ತಿದ್ದರೆ ಕಾಯಲೇಬೇಡಿ, ಮೀನಿನ ವೈದ್ಯರನ್ನು ಕೇಳಿ. ಈ ಉಸಿರಾಟ ಫೋಟೋದಲ್ಲಿ ಸಿಗುವುದಿಲ್ಲ, ವಿಡಿಯೋದಲ್ಲಿ ಸಿಗುತ್ತದೆ. ಉಳಿದವರು ಇವತ್ತೇ ಅಮೋನಿಯಾ ಪರೀಕ್ಷೆ ಮಾಡಿ. ಸೊನ್ನೆಗಿಂತ ಹೆಚ್ಚು ಬಂದರೆ, ಕ್ಲೋರಿನ್ ತೆಗೆದ, ಟ್ಯಾಂಕಿನಷ್ಟೇ ಬಿಸುಪಿನ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ. ಕೊಳೆತಕ್ಕೆ ದಾರಿ ಮಾಡಿಕೊಡುವುದು ಹೆಚ್ಚಾಗಿ ಕೆಟ್ಟ ನೀರೇ.

ಇನ್ನು ಬಿಳಿ ಚುಕ್ಕೆ. ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಕಡ್ಡಿಯ ಮೇಲೆ ಮಾತ್ರ ಚುಕ್ಕೆಗಳಿದ್ದರೆ ಅದು ಬಹುಶಃ ಗಂಡು ಗೋಲ್ಡ್‌ಫಿಶ್ ಬೆದೆಗೆ ಬಂದಾಗ ಮೂಡುವ ಗುಳ್ಳೆ. ಅದು ರೋಗವೇ ಅಲ್ಲ. ಮೈ, ಬಾಲವೆಲ್ಲ ಉಪ್ಪಿನ ಹರಳು ಚೆಲ್ಲಿದಂತಿದ್ದರೆ ಇಕ್ ಪರಾವಲಂಬಿ ಇರಬಹುದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಚುಕ್ಕೆಯೊಳಗಿನ ಜೀವಿ ಚರ್ಮದಡಿ ಕೂತಿರುತ್ತದೆ, ನೀರಿಗೆ ಹಾಕಿದ ಔಷಧ ಅದನ್ನು ಮುಟ್ಟುವುದಿಲ್ಲ. ಬಲಿತ ಮೇಲೆ ಅದು ಉದುರಿ, ತಳದಲ್ಲಿ ಒಡೆದು ನೂರಾರು ಮರಿಗಳಾಗುತ್ತದೆ. ಔಷಧ ಕೊಲ್ಲುವುದು ನೀರಿನಲ್ಲಿ ಈಜುವ ಆ ಮರಿಗಳನ್ನು. ಹಾಗಾಗಿ ಚುಕ್ಕೆ ಮಾಯವಾದ ಫೋಟೋ ನೋಡಿ, ವಾಸಿಯಾಯಿತೆಂದು ಔಷಧ ನಿಲ್ಲಿಸುವುದು ದೊಡ್ಡ ತಪ್ಪು. ಚುಕ್ಕೆ ಉದುರಿದೆ ಅಷ್ಟೇ, ಪರಾವಲಂಬಿ ಟ್ಯಾಂಕಿನಲ್ಲೇ ಇದೆ. ಪೊಟ್ಟಣದ ಮೇಲೆ ಬರೆದ ಅವಧಿಯನ್ನು ಪೂರ್ತಿ ಮಾಡಿ. ನೀರು ತಣ್ಣಗಿದ್ದರೆ ಈ ಚಕ್ರ ನಿಧಾನವಾಗುತ್ತದೆ, ಅವಧಿಯೂ ಹೆಚ್ಚು ಬೇಕಾಗುತ್ತದೆ. ಕೆಲವೊಮ್ಮೆ ಪರಾವಲಂಬಿ ಕಿವಿರಿನೊಳಗೇ ಇದ್ದು ಮೈ ಮೇಲೆ ಒಂದು ಚುಕ್ಕೆಯೂ ಇರುವುದಿಲ್ಲ. ಅದನ್ನು ಖಚಿತಪಡಿಸುವುದು ಕಿವಿರಿನ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ಪರೀಕ್ಷೆ, ಫೋಟೋ ಅಲ್ಲ.