ಒಗ್ಗರಣೆಯ ಎಣ್ಣೆ, ಕರಿಯುವ ಎಣ್ಣೆ



'ಎಣ್ಣೆ' ಎಂಬ ಮಾತನ್ನು ಬಿಡಿಸಿ ನೋಡಿದರೆ 'ಎಳ್' ಮತ್ತು 'ನೆಯ್' ಎಂಬ ಎರಡು ಪದಗಳು ಸಿಗುತ್ತವೆ. ಎಳ್ಳಿನ ಜಿಡ್ಡೇ ಎಣ್ಣೆ. ಆದರೆ ದುರ್ಗದ ಸೀಮೆಯವರಾದ ನಮಗೆ ಎಣ್ಣೆಯೆಂದರೆ ಮೊದಲು ನೆನಪಾಗುವುದು ಶೇಂಗಾ ಎಣ್ಣೆ. ನಮ್ಮ ಚಳ್ಳಕೆರೆಗೆ ಎಣ್ಣೆಯ ಊರೆಂಬ ಹೆಸರು ಬಂದದ್ದೂ ಅದರಿಂದಲೇ.

ನಮ್ಮ ಕಡೆಯ ಸಂಜೆಯ ತಿಂಡಿ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ. ತಟ್ಟೆ ಒಂದೇ ಆದರೂ ಅದರಲ್ಲಿ ಎಣ್ಣೆಯ ಎರಡು ಬೇರೆ ಬೇರೆ ಕೆಲಸಗಳಿವೆ. ಮಂಡಕ್ಕಿಗೆ ಎರಡು ಚಮಚ ಎಣ್ಣೆ ಸಾಸಿವೆ ಸಿಡಿಯುವಷ್ಟು ಕಾದರೆ ಸಾಕು. ಮಿರ್ಚಿಗಾದರೋ ಬಾಣಲೆಯ ತುಂಬ ಎಣ್ಣೆ ಬೇಕು, ಮತ್ತು ಅದು ಸುಮಾರು 175ರಿಂದ 180 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬಹಳ ಹೊತ್ತು ನಿಲ್ಲಬೇಕು. ಈ ವ್ಯತ್ಯಾಸವನ್ನು ನಾನು ಅರಿತದ್ದು ಪುಸ್ತಕದಿಂದಲ್ಲ.

ಒಂದು ಸಂಜೆ ಬಂಧುಗಳೊಬ್ಬರು ಗಾಣದಲ್ಲಿ ಆಡಿಸಿದ ಶೇಂಗಾ ಎಣ್ಣೆಯನ್ನು ತಂದುಕೊಟ್ಟಿದ್ದರು. ಅದರ ಪರಿಮಳಕ್ಕೆ ಮನಸೋತು, ಮಿರ್ಚಿಯನ್ನೂ ಇದರಲ್ಲೇ ಕರಿಯೋಣವೆಂದು ಹಟ ಹಿಡಿದವನು ನಾನೇ. ಅರ್ಧ ಲೀಟರಿನಷ್ಟು ಬಾಣಲೆಗೆ ಸುರಿದು, ಉರಿಯನ್ನು ಜೋರು ಮಾಡಿ, ಬಾಗಿಲಿಗೆ ಬಂದವರೊಡನೆ ಮಾತಿಗೆ ನಿಂತೆ. ಮನೆಯಾಕೆ ಹಿತ್ತಲಲ್ಲಿದ್ದಳು. ನಾನು ಒಳಗೆ ಬರುವ ಹೊತ್ತಿಗೆ ಅಡಿಗೆಮನೆಯೆಲ್ಲ ನೀಲಿಛಾಯೆಯ ಹೊಗೆ, ಕಣ್ಣಿಗೆ ಉರಿ. ನೋಡನೋಡುತ್ತಿದ್ದಂತೆ ಬಾಣಲೆಯ ಮೇಲೆ ಜ್ವಾಲೆ ಎದ್ದಿತು. ನಾನು ಕೈಹಾಕಿದ್ದು ನೀರಿನ ಕೊಡಕ್ಕೆ. "ನೀರು ಹಾಕಬೇಡ್ರಿ!" ಎಂದು ಕೂಗುತ್ತ ಓಡಿಬಂದ ಆಕೆ ಗ್ಯಾಸನ್ನು ನಿಲ್ಲಿಸಿ, ಅಗಲವಾದ ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಬಾಣಲೆಯನ್ನು ಮುಚ್ಚಿದಳು. ಗಾಳಿ ಸಿಗದೆ ಜ್ವಾಲೆ ಆರಿತು. ಬಾಣಲೆ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳವನ್ನು ತೆಗೆಯಲೂ ಬಿಡಲಿಲ್ಲ, ಬಾಣಲೆಯನ್ನು ಕದಲಿಸಲೂ ಬಿಡಲಿಲ್ಲ.

ನಾನು ನೀರು ಸುರಿದಿದ್ದರೆ? ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಅಲ್ಲಿ ಕ್ಷಣಾರ್ಧದಲ್ಲಿ ಆವಿಯಾಗಿ ಸಾವಿರದ ಆರುನೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಹಾಗೆ ಹಿಗ್ಗುವಾಗ ಉರಿಯುವ ಎಣ್ಣೆಯನ್ನು ತನ್ನೊಡನೆ ಚಾವಣಿಯವರೆಗೆ ಎರಚುತ್ತದೆ.

ಎಣ್ಣೆಯನ್ನು ಕಾಯಿಸುತ್ತ ಹೋದರೆ ಒಂದು ಹಂತದಲ್ಲಿ ಅದು ಬಿಡದೆ ಹೊಗೆಯಾಡತೊಡಗುತ್ತದೆ. ಅದನ್ನು ಹೊಗೆಬಿಂದು ಎನ್ನೋಣ. ಎಣ್ಣೆ ಅಲ್ಲಿ ಒಡೆಯುತ್ತಿದೆಯೆಂದು ಅರ್ಥ. ಕಣ್ಣುರಿಸುವ ಆ ಕಟುವಾಸನೆ ಅಕ್ರೋಲಿನ್ ಎಂಬ ವಸ್ತುವಿನದು. ಹೊಗೆ ಬಂದೊಡನೆ ಬೆಂಕಿ ಹತ್ತುವುದಿಲ್ಲ. ಎಣ್ಣೆ ತಾನಾಗಿ ಹೊತ್ತಿಕೊಳ್ಳುವ ಕಾವು ಅದಕ್ಕಿಂತ ಬಹಳ ಮೇಲಿದೆ. ಆದರೆ ಉರಿ ಹಾಗೆಯೇ ಇದ್ದರೆ ನಡುವಿನ ದಾರಿ ನಿಮಿಷಗಳದು. ನಾನು ಬಾಗಿಲಲ್ಲಿ ಹರಟಿದ್ದು ಆ ನಿಮಿಷಗಳಲ್ಲೇ.

ಗಾಣದ ಶೇಂಗಾ ಎಣ್ಣೆಯ ಹೊಗೆಬಿಂದು ಸುಮಾರು 160 ಡಿಗ್ರಿ, ಅಂದರೆ ಮಿರ್ಚಿಗೆ ಬೇಕಾದ ಕಾವಿಗಿಂತ ಕೆಳಗೆ. ಶುದ್ಧೀಕರಿಸಿದ, ಎಂದರೆ ರಿಫೈನ್ಡ್ ಎನ್ನುವ ಶೇಂಗಾ ಎಣ್ಣೆಯದು ಸುಮಾರು 230. ಬೀಜದ ಸಣ್ಣ ಕಣಗಳೂ ಬಿಡಿಯಾಗಿರುವ ಕೊಬ್ಬಿನಾಮ್ಲಗಳೂ ಗಾಣದ ಎಣ್ಣೆಯಲ್ಲಿ ಉಳಿದಿರುತ್ತವೆ. ಬೇಗ ಹೊಗೆಯೇಳುವುದು ಅವುಗಳಿಂದ. ಶುದ್ಧೀಕರಣದಲ್ಲಿ ಅವು ಹೋಗುತ್ತವೆ, ಕಂಪೂ ಅವುಗಳ ಜೊತೆಗೇ ಹೋಗುತ್ತದೆ. ಈ ಅಂಕೆಗಳು ಎಲ್ಲ ಎಣ್ಣೆಗೂ ಕೂದಲೆಳೆಯಷ್ಟೂ ತಪ್ಪದೆ ಹೊಂದುವಂಥವಲ್ಲ. ಬೀಜ ಹಳೆಯದಾದರೆ, ಎಣ್ಣೆ ಸರಿಯಾಗಿ ತಿಳಿಯಾಗದಿದ್ದರೆ ಹೊಗೆ ಇನ್ನೂ ಬೇಗ ಬರುತ್ತದೆ.

ಬಾಣಲೆಯಲ್ಲಿ ಮಿರ್ಚಿ ಇರುವವರೆಗೆ ಅದರ ನೀರಿನಂಶ ಗುಳ್ಳೆಗುಳ್ಳೆಯಾಗಿ ಆವಿಯಾಗುತ್ತ ಎಣ್ಣೆಯ ಕಾವನ್ನು ಹಿಡಿದಿಡುತ್ತದೆ. ಅಪಾಯವಿರುವುದು ಬಾಣಲೆ ಖಾಲಿ ಇರುವಾಗ: ಮೊದಲ ಸುತ್ತಿಗೆ ಮುನ್ನ, ಮತ್ತು ಒಂದು ಸುತ್ತು ತೆಗೆದು ಇನ್ನೊಂದು ಬಿಡುವ ನಡುವೆ. ಆಗ ಉರಿಯನ್ನು ತಗ್ಗಿಸಬೇಕು. ಕಾವು ನೋಡಲು ಒಂದು ತೊಟ್ಟು ಹಿಟ್ಟು ಬಿಡಿ. ಮುಳುಗಿ ನಿಧಾನವಾಗಿ ಎದ್ದರೆ ಇನ್ನೂ ಕಾಯಬೇಕು. ಒಡನೆ ತೇಲಿ ಮೆಲ್ಲನೆ ಬಣ್ಣ ತಾಳಿದರೆ ಸರಿ. ಬಿದ್ದೊಡನೆ ಕಪ್ಪಾದರೆ ಕಾವು ಮೀರಿದೆ.

ಒಗ್ಗರಣೆಯ ಸೌಟಿನಲ್ಲಿ ಎಣ್ಣೆ ಸ್ವಲ್ಪವೇ ಇರುವುದರಿಂದ ಅರೆನಿಮಿಷದ ಅಲಕ್ಷ್ಯವೂ ಹೆಚ್ಚಾದೀತು. ಒಂದು ಕಾಳು ಸಾಸಿವೆ ಹಾಕಿ, ಅದು ಸಿಡಿದರೆ ಉಳಿದದ್ದನ್ನು ಹಾಕುವುದು ಹಳೆಯ ಪರೀಕ್ಷೆ. ಹೊಗೆಗಾಗಿ ಕಾಯುವ ಕೆಲವರ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಕರಿಬೇವನ್ನು ಒರೆಸಿ ಹಾಕಿದರೆ ಎಣ್ಣೆ ಮುಖಕ್ಕೆ ಸಿಡಿಯುವುದೂ ಕಡಿಮೆ.

ಒಮ್ಮೆ ಕರಿದ ಎಣ್ಣೆಯ ಹೊಗೆಬಿಂದು ಮೊದಲಿನಷ್ಟಿರುವುದಿಲ್ಲ. ಪ್ರತಿ ಸಲದ ಕರಿಯುವಿಕೆಯೂ ಅದನ್ನು ಇಳಿಸುತ್ತದೆ. ತಳದಲ್ಲಿ ಉಳಿದ ಕಡಲೆಹಿಟ್ಟಿನ ಚೂರುಗಳು ಸುಟ್ಟು ಅದಕ್ಕೆ ನೆರವಾಗುತ್ತವೆ. ಆದ್ದರಿಂದ ತಣಿದ ಮೇಲೆ ಸೋಸಿ, ಒಂದೆರಡು ದಿನದೊಳಗೆ ಸಾರು ಪಲ್ಯಗಳಿಗೆ ಬಳಸಿ ಮುಗಿಸುವುದು ಲೇಸು. ಬಣ್ಣ ಕಂದಾಗಿ, ಪಾಕದಂತೆ ಮಂದವಾಗಿ, ಕಾಯುವಾಗ ನೊರೆಗಟ್ಟಿದರೆ ಅದನ್ನು ಹೊರಹಾಕಲೇಬೇಕು. ಅದಕ್ಕೆ ಹೊಸ ಎಣ್ಣೆ ಬೆರೆಸಿದರೆ ಹೊಸದೂ ಕೆಡುತ್ತದೆ, ಅಷ್ಟೆ.

ಬಂಧುಗಳು ತಂದ ಎಣ್ಣೆಯಲ್ಲಿ ಉಳಿದದ್ದು ಮರುದಿನವೇ ಒಗ್ಗರಣೆಯ ಡಬ್ಬಿಗೆ ಸೇರಿತು. ಮಂಡಕ್ಕಿಗೆ ಈಗಲೂ ಅದೇ ಎಣ್ಣೆ. ಮಿರ್ಚಿಗೆ ಮಾತ್ರ ಅಂಗಡಿಯ ರಿಫೈನ್ಡ್ ಎಣ್ಣೆ, ಮತ್ತು ಒಲೆಯ ಪಕ್ಕದಲ್ಲಿ ಆ ಅಗಲವಾದ ಮುಚ್ಚಳ.