ಕ್ರೇನಿನ ಕೆಳಗೆ ಕೈಸನ್ನೆ



ಮಹಡಿಯ ಮೇಲೆ ಮಹಡಿ ಏಳುವೆಡೆಗಳಲ್ಲಿ ಕ್ರೇನು ನಿಂತಿರುವುದನ್ನು ನೀವು ಕಂಡೇ ಇದ್ದೀರಿ. ಅದರ ಕೆಳಗೆ ದುಡಿಯುವವರಲ್ಲಿ ಅಕ್ಷರ ಬಾರದವರು ಅನೇಕರು. ಗೋಡೆಗೆ ಅಂಟಿಸಿದ ನಿಯಮಾವಳಿ ಅವರ ಪಾಲಿಗೆ ಬರಿಯ ಚಿತ್ತಾರ. ಆದುದರಿಂದ ಕೆಲಸ ಹಿಡಿಯುವ ಮುನ್ನ ಮೇಸ್ತ್ರಿಯು ಅವರನ್ನು ಸುತ್ತ ನಿಲ್ಲಿಸಿಕೊಂಡು ಹತ್ತು ನಿಮಿಷ ಮಾತನಾಡಬೇಕು. ಆ ಮಾತು ಹೇಗಿರಬೇಕು?

1,000 ಕಿಲೋಗ್ರಾಂ ತೂಕದ ಕಬ್ಬಿಣದ ತೊಲೆಯೊಂದನ್ನು ಎತ್ತಬೇಕಾಗಿದೆಯೆನ್ನಿ. ಎರಡು ಕಡೆ ಸರಪಳಿ ಬಿಗಿದು, ಮೇಲೆ ಒಂದೇ ಕೊಕ್ಕೆಗೆ ಸೇರಿಸುತ್ತಾರೆ. ಒಂದೊಂದಕ್ಕೆ 500 ಕಿಲೋ ತಾನೆ ಎಂದು ಯಾರಿಗಾದರೂ ತೋರೀತು. ಸರಪಳಿಗಳು ನೆಟ್ಟಗಿದ್ದರೆ ಮಾತ್ರ ಆ ಲೆಕ್ಕ ಸರಿ. ತೊಲೆಯೊಡನೆ 60 ಅಂಶದ ಕೋನವಾದರೆ ಒಂದೊಂದರ ಮೇಲೂ ಸುಮಾರು 580 ಕಿಲೋ ಎಳೆತ ಬೀಳುತ್ತದೆ. 30 ಅಂಶಕ್ಕಿಳಿದರೆ ಪೂರ್ತಿ 1,000! ತೊಲೆಯ ತೂಕ ಹೆಚ್ಚಲಿಲ್ಲ. ಓರೆಯಾದ ಸರಪಳಿಗಳು ಮೇಲಕ್ಕೆ ಎಳೆಯುವುದರ ಜೊತೆಗೆ ಒಂದನ್ನೊಂದು ಒಳಕ್ಕೂ ಎಳೆಯುತ್ತವೆ.

ಈ ಅಂಕಿಗಳನ್ನು ಕೂಲಿಯವರಿಗೆ ಹೇಳಿ ಫಲವಿಲ್ಲ. ನೀರು ತುಂಬಿದ ಬಕೆಟ್ಟಿನ ಹಿಡಿಗೆ ಹಗ್ಗ ತೂರಿಸಿ, ಅದರ ಎರಡು ತುದಿಗಳನ್ನು ಇಬ್ಬರ ಕೈಗೆ ಕೊಡಿ. ಹತ್ತಿರ ನಿಂತಾಗ ಹಗುರ. "ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಪ್ಪ" ಎನ್ನುತ್ತ ಹೋಗಿ, ತೋಳು ನಡುಗತೊಡಗುತ್ತದೆ. ಉಳಿದುದನ್ನು ಆ ತೋಳೇ ಹೇಳುತ್ತದೆ.

ಕೋನವನ್ನು ಅಳೆಯಲು ಒಂದು ಹುರಿ ಸಾಕು. ಒಂದು ಸರಪಳಿಯಷ್ಟು ಉದ್ದದ ಹುರಿಯನ್ನು ತೊಲೆಯ ಮೇಲೆ ಹಾಸಿ. ಕಟ್ಟುಗಳೆರಡರ ನಡುವಣ ದೂರ ಹುರಿಗೆ ಸರಿಯಾಗಿದ್ದರೆ ಮೂರು ಬದಿಯೂ ಸಮನಾದ ತ್ರಿಕೋನ, ಅಂದರೆ 60 ಅಂಶ. ಹುರಿ ಸಾಲದೆ ಬಂದರೆ ಉದ್ದನೆಯ ಸರಪಳಿ ತರಿಸಬೇಕು.

ಇನ್ನು ಸನ್ನೆ. ತೋಳೆತ್ತಿ ತೋರುಬೆರಳನ್ನು ಮೇಲಕ್ಕೆ ಮಾಡಿ ಸಣ್ಣಗೆ ಸುತ್ತಿಸಿದರೆ 'ಎತ್ತು'. ಕೆಳಕ್ಕೆ ಮಾಡಿ ಸುತ್ತಿಸಿದರೆ 'ಇಳಿಸು'. 'ನಿಲ್ಲಿಸು' ಎಂಬುದರ ರೂಪ ಎಡೆಯಿಂದೆಡೆಗೆ ಬದಲಾಗುವುದುಂಟು. ಕಾವ್ಯದಲ್ಲಿ ಶ್ಲೇಷೆ ಸೊಗಸು, ಇಲ್ಲಿ ಅದು ಮೃತ್ಯು. ಚಾಲಕನೊಡನೆ ಒಪ್ಪಿದ ಸನ್ನೆಯನ್ನು ಪ್ರತಿದಿನ ಎಲ್ಲರಿಂದಲೂ ಮಾಡಿಸಿ ನೋಡಬೇಕು. ಎತ್ತು, ಇಳಿಸು ಎನ್ನುವವನು ಒಬ್ಬನೇ. 'ನಿಲ್ಲಿಸು' ಎಂದು ಮಾತ್ರ ಯಾರು ತೋರಿಸಿದರೂ ಚಾಲಕನು ಕೇಳತಕ್ಕದ್ದು, ನೀರು ತರುವ ಹುಡುಗ ತೋರಿಸಿದರೂ ಸರಿಯೆ.

ಮೊದಲು ತೊಲೆಯನ್ನು ಗೇಣುದ್ದ ಮಾತ್ರ ಎತ್ತಿ ನಿಲ್ಲಿಸಿ. ಒಂದು ತುದಿ ತಗ್ಗಿದರೆ ಕಟ್ಟು ನಡುವಿಗೆ ಸರಿಯಾಗಿಲ್ಲ. ಇಳಿಸಿ ಮತ್ತೆ ಕಟ್ಟಬೇಕು. ಎದ್ದ ತುದಿಯ ಮೇಲೆ ಆಳನ್ನು ನಿಲ್ಲಿಸಿ ಸರಿದೂಗಿಸಬಾರದು. ಅನಂತರ ಎತ್ತುವಾಗ ಸನ್ನೆಗಾರನು ಕಂಬದ ಮರೆಗೆ ಸರಿದು ಕಾಣದಾದರೆ, ಅವನು ಮತ್ತೆ ಕಾಣುವವರೆಗೆ ಚಾಲಕನು ಕ್ರೇನನ್ನು ನಿಲ್ಲಿಸಿಯೇ ಇರಬೇಕು.