ಹಿಮೋಗ್ಲೋಬಿನ್ ನಾರ್ಮಲ್, ಆದ್ರೂ ಸುಸ್ತು ಯಾಕೆ?

ಇವತ್ತು ಒಂದು ಬ್ಲಡ್ ರಿಪೋರ್ಟ್ ಬಗ್ಗೆ ಮಾತಾಡೋಣ. ನನ್ನ ಗೆಳತಿಯದ್ದು, ಅವಳನ್ನ ಕೇಳಿಯೇ ಹೇಳ್ತಿದ್ದೀನಿ. ವಯಸ್ಸು 27, ನಮ್ಮ ದೊಡ್ಡನೆಕ್ಕುಂದಿಯವಳೇ. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಕೆರೆ ಕಡೆ 5 ಕಿಲೋಮೀಟರ್ ಓಡ್ತಾಳೆ. ಪಕ್ಕಾ ಸಸ್ಯಾಹಾರಿ. ಮೂರು ತಿಂಗಳಿಂದ ಅದೇ ದೂರಕ್ಕೆ ಏದುಸಿರು, ಆಫೀಸಿನ ಮೆಟ್ಟಿಲು ಹತ್ತೋಕೆ ಕಾಲು ಭಾರ, ಬಾಚಣಿಗೆ ತುಂಬ ಕೂದಲು. ಟೆಸ್ಟ್ ಮಾಡಿಸಿದ್ರೆ ಹಿಮೋಗ್ಲೋಬಿನ್ 12.4. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ರೆ ರಕ್ತಹೀನತೆ ಅನ್ನೋದು ಲೆಕ್ಕ. ಹಾಗಾಗಿ ಮನೆಯಲ್ಲಿ ತೀರ್ಪು ಬಂತು: ‘ಎಲ್ಲ ಸರಿಯಿದೆ, ಮೊಬೈಲ್ ಬಿಟ್ಟು ಬೇಗ ಮಲಗು.’

ನಾನು ಓದಿದ್ದು ಬಿಕಾಂ, ಡಾಕ್ಟರಲ್ಲ. ಅದಕ್ಕೆ ನನಗೆ ಗೊತ್ತಿರೋ ಭಾಷೆಯಲ್ಲೇ ಹೇಳ್ತೀನಿ. ಹಿಮೋಗ್ಲೋಬಿನ್ ಅಂದ್ರೆ ಪರ್ಸಿನಲ್ಲಿರೋ ದುಡ್ಡು. ದೇಹ ಕೂಡಿಟ್ಟಿರೋ ಕಬ್ಬಿಣ ಬ್ಯಾಂಕ್ ಬ್ಯಾಲೆನ್ಸ್, ಅದನ್ನ ತೋರಿಸೋ ಟೆಸ್ಟ್ ಫೆರಿಟಿನ್. ದೇಹ ಮೊದಲು ಬ್ಯಾಂಕಿಂದ ತೆಗೆದು ಪರ್ಸ್ ತುಂಬಿಸ್ತಾ ಇರುತ್ತೆ. ಬ್ಯಾಂಕ್ ಖಾಲಿ ಆದಮೇಲಷ್ಟೇ ಪರ್ಸ್ ತೆಳ್ಳಗಾಗೋದು. ಅಷ್ಟರೊಳಗೇ ಸುಸ್ತು ಶುರುವಾಗಿರಬಹುದು, ಯಾಕಂದ್ರೆ ಸ್ನಾಯುಗಳಿಗೂ ಕಬ್ಬಿಣ ಬೇಕು. ಡಾಕ್ಟರ್ ಹೇಳಿದ ಮೇಲೆ ಇವಳು ಫೆರಿಟಿನ್ ಮಾಡಿಸಿದ್ಲು. ಬಂದಿದ್ದು 9. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 15ಕ್ಕಿಂತ ಕೆಳಗಿದ್ರೆ ಕೊರತೆ. ಓಡೋರು, ಆಡೋರ ವಿಷಯದಲ್ಲಿ 30ಕ್ಕಿಂತ ಕೆಳಗಿದ್ರೇ ಅನೇಕ ಡಾಕ್ಟರುಗಳು ಎಚ್ಚರಿಸ್ತಾರೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ರಕ್ತಹೀನತೆ ಇತ್ತು. ಅದು ಪರ್ಸ್ ಎಣಿಸಿದ ಲೆಕ್ಕ. ನನ್ನ ಗೆಳತಿಯಂಥವರು ಅದರಲ್ಲಿ ಬರೋದೇ ಇಲ್ಲ.

ಓಡೋರಿಗೆ ಇನ್ನೊಂದು ತೊಡಕಿದೆ. ಮುಟ್ಟಿನಲ್ಲಿ ಹೋಗೋದು ಎಲ್ಲರಿಗೂ ಇದ್ದಿದ್ದೇ. ಇದರ ಜೊತೆಗೆ, ಜೋರಾಗಿ ಓಡಿದ ಮೇಲೆ ಮೂರರಿಂದ ಆರು ಗಂಟೆಯಲ್ಲಿ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರುತ್ತೆ, ಕರುಳಿನಿಂದ ಕಬ್ಬಿಣ ಒಳಗೆ ಬರೋ ಬಾಗಿಲನ್ನ ಅರ್ಧ ಮುಚ್ಚುತ್ತೆ. ಅಂದ್ರೆ ಆರೂವರೆಗೆ ಓಟ ಮುಗಿಸಿ, ಹನ್ನೊಂದಕ್ಕೆ ಆಫೀಸ್ ಕ್ಯಾಂಟೀನಿನಲ್ಲಿ ತಿಂಡಿ ತಿಂದ್ರೆ ಲಾಭ ಕಡಿಮೆ. ಓಟ ಮುಗಿದು ಅರ್ಧ ಮುಕ್ಕಾಲು ಗಂಟೆಯೊಳಗೆ ತಿನ್ನೋದು ವಾಸಿ.

ಅವಳ ತಟ್ಟೆ ನೋಡಿದ್ರೆ ಕಬ್ಬಿಣ ಇರಲಿಲ್ಲ ಅಂತಲ್ಲ. ಸೊಪ್ಪು, ಕಾಳು, ರಾಗಿ ಎಲ್ಲ ಇತ್ತು. ಆದ್ರೆ ತಿಂಡಿ ಜೊತೆ ಸ್ಟ್ರಾಂಗ್ ಕಾಫಿ, ಊಟ ಆದ ತಕ್ಷಣ ಟೀ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲೇ ಯುವತಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಅನ್ನದ ಊಟದ ಜೊತೆ ಒಂದು ಕಪ್ ಟೀ ಕುಡಿದ್ರೆ ಮೈಗೆ ಹತ್ತೋ ಕಬ್ಬಿಣ ಹತ್ತಿರ ಹತ್ತಿರ ಅರ್ಧಕ್ಕೆ ಇಳೀತು. ಎರಡು ಕಪ್ಪಿಗೆ ಮೂರನೇ ಒಂದು ಭಾಗದಷ್ಟೇ ಉಳೀತು. ಅದೇ ಊಟಕ್ಕೆ ವಿಟಮಿನ್ ಸಿ ಸೇರಿಸಿದಾಗ ಹಲವು ಪಟ್ಟು ಏರಿತು.

ಕಾಫಿ ಬಿಡಿ ಅಂತ ನಾನು ಹೇಳಲ್ಲ, ಹೇಳಿದ್ರೂ ನೀವು ಬಿಡಲ್ಲ. ಜಾಗ ಬದಲಿಸಿ ಸಾಕು: ಊಟಕ್ಕೆ ಒಂದು ಗಂಟೆ ಮುಂಚೆ, ಇಲ್ಲ ಎರಡು ಗಂಟೆ ಬಿಟ್ಟು. ಇವಳು ಮಾಡಿದ್ದೂ ಅದನ್ನೇ. ಮನೆಯಲ್ಲಿ ಹುರುಳಿಕಾಳನ್ನ ಮೊಳಕೆ ಕಟ್ಟಿ ಸಾರು ಮಾಡ್ತಾರೆ. ಮೊಳಕೆ ಬಂದಾಗ ಕಬ್ಬಿಣವನ್ನ ಹಿಡಿದಿಟ್ಟುಕೊಳ್ಳೋ ಫೈಟೇಟ್ ಕಡಿಮೆ ಆಗುತ್ತೆ. ಒಲೆಯಿಂದ ಇಳಿಸಿ ಬಡಿಸಿದ ಮೇಲೆ ನಿಂಬೆ ಹಿಂಡ್ಕೋಬೇಕು, ಕುದಿಯುವಾಗ ಹಾಕಿದ್ರೆ ವಿಟಮಿನ್ ಸಿ ಹಾಳಾಗುತ್ತೆ. ಊಟದ ಜೊತೆ ಒಂದು ಸೀಬೆಹಣ್ಣು ಇದ್ರಂತೂ ಇನ್ನೂ ಒಳ್ಳೇದು. ಮಾಂಸ ತಿನ್ನೋರಿಗೆ ಮಟನ್, ಅದರಲ್ಲೂ ಲಿವರ್, ಸುಲಭದ ದಾರಿ. ಆ ಕಬ್ಬಿಣ ಸೊಪ್ಪಿನದಕ್ಕಿಂತ ಚೆನ್ನಾಗಿ ಹತ್ತುತ್ತೆ. ಬೀಟ್‌ರೂಟ್ ಬಣ್ಣ ನೋಡಿ ಮೋಸ ಹೋಗ್ಬೇಡಿ, 100 ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ.

ಆದ್ರೆ 9ಕ್ಕೆ ಇಳಿದಿರೋ ಬ್ಯಾಲೆನ್ಸ್ ಬರೀ ಊಟದಿಂದ ಬೇಗ ತುಂಬಲ್ಲ. ಡಾಕ್ಟರ್ ಮಾತ್ರೆ ಕೊಟ್ರು, ದಿನ ಬಿಟ್ಟು ದಿನ. ಮಾತ್ರೆ ನುಂಗಿದ ಮೇಲೂ ಅದೇ ಹೆಪ್ಸಿಡಿನ್ ಏರುತ್ತಲ್ಲ, ಒಂದು ದಿನ ಬಿಟ್ರೆ ಬಾಗಿಲು ಮತ್ತೆ ತೆರೆದಿರುತ್ತೆ. ಮಾತ್ರೆ ತಗೊಳ್ಳೋವಾಗ ಮಲ ಕಪ್ಪಾಗೋದು ಮಾಮೂಲು. ಮಾತ್ರೆ ಇಲ್ಲದೇ ಕಪ್ಪಾದ್ರೆ ಅವತ್ತೇ ಡಾಕ್ಟರನ್ನ ನೋಡಿ.

ಟೆಸ್ಟ್ ಯಾವಾಗ? ಸುಸ್ತು ಮೂರು ನಾಲ್ಕು ವಾರ ಬಿಡದೇ ಇದ್ರೆ, ಮುಟ್ಟಿನಲ್ಲಿ ಗಂಟೆ ಎರಡು ಗಂಟೆಗೇ ಪ್ಯಾಡ್ ಬದಲಿಸಬೇಕಾದ್ರೆ, ಐಸ್, ಹಸಿ ಅಕ್ಕಿ, ಮಣ್ಣು ತಿನ್ನೋ ಆಸೆ ಆಗ್ತಿದ್ರೆ. ಸಿಬಿಸಿ ಜೊತೆ ಫೆರಿಟಿನ್ ಅಂತ ಬಾಯಿಬಿಟ್ಟು ಕೇಳಿ, ಮಾಮೂಲು ಸಿಬಿಸಿಯಲ್ಲಿ ಅದು ಬರಲ್ಲ. ಜ್ವರ, ನೆಗಡಿ ಇದ್ದಾಗ ಬೇಡ. ಸೋಂಕಿದ್ರೆ ಫೆರಿಟಿನ್ ಸುಳ್ಳೇ ಮೇಲೇರಿ, ಖಾಲಿ ಬ್ಯಾಂಕೂ ತುಂಬಿದ ಹಾಗೆ ಕಾಣುತ್ತೆ. ಟೆಸ್ಟ್ ಇಲ್ಲದೇ ಮೆಡಿಕಲ್ ಶಾಪಿಂದ ಮಾತ್ರೆ ತಂದು ನುಂಗೋದೂ ಬೇಡ. ಥಲಸ್ಸೀಮಿಯಾ ಟ್ರೇಟ್ ಇರೋರಿಗೂ ಹಿಮೋಗ್ಲೋಬಿನ್ ಕಡಿಮೆ ಇರುತ್ತೆ, ಆದ್ರೆ ಅವರಿಗೆ ಕಬ್ಬಿಣದ ಕೊರತೆ ಇಲ್ಲದೇ ಇರಬಹುದು.

ಮೂರು ತಿಂಗಳಾದ ಮೇಲೆ ಇವಳ ಫೆರಿಟಿನ್ 31. ಏದುಸಿರು ಆರನೇ ವಾರಕ್ಕೇ ಕಡಿಮೆ ಆಗಿತ್ತು. ಕೂದಲು ಮಾತ್ರ ಇನ್ನೂ ಉದುರ್ತಿದೆ, ಅದಕ್ಕೆ ಇನ್ನಷ್ಟು ತಿಂಗಳು ಬೇಕು ಅಂದಿದ್ದಾರೆ ಡಾಕ್ಟರ್. ಮಾತ್ರೆ ಸದ್ಯಕ್ಕೆ ಮುಂದುವರಿದಿದೆ.